ಕಚೇರಿಯ ಕಿರುವೋಲೆಯಲ್ಲಿ ಗುಡ್, ವೆಲ್, ರಿಯಲ್, ರಿಯಲಿ



ನಮ್ಮ ನಾಡಿನ ಕಚೇರಿಗಳಿಂದ, ಅದರಲ್ಲಿಯೂ ಬೆಂಗಳೂರಿನಲ್ಲಿ ಕುಳಿತು ಸಮುದ್ರದಾಚೆಯ ಸಹೋದ್ಯೋಗಿಗಳೊಡನೆ ದಿನವೂ ವ್ಯವಹರಿಸುವ ಕಚೇರಿಗಳಿಂದ, ಹೊರಡುವ ಇಂಗ್ಲಿಷ್ ಇ-ಮೇಲುಗಳನ್ನು ಓದಿದವರಿಗೆ ಅವುಗಳ ಮೊದಲ ಪಂಕ್ತಿ ಚಿರಪರಿಚಿತವಾದುದು: ‘ಹೋಪ್ ಯು ಆರ್ ಡೂಯಿಂಗ್ ಗುಡ್’. ಅದಕ್ಕೆ ಬರುವ ಉತ್ತರವೂ ಅಷ್ಟೇ ಪರಿಚಿತ: ‘ಐ ಆಮ್ ಡೂಯಿಂಗ್ ಗುಡ್’. ಬರೆದವರ ಆಶಯ ನಿರ್ಮಲವಾದುದು. ಕ್ಷೇಮಸಮಾಚಾರವನ್ನು ಕೇಳದೆ ಕಾರ್ಯಕ್ಕೆ ಕೈಹಾಕಬಾರದೆಂಬ ಸೌಜನ್ಯವೇ ಆ ಪಂಕ್ತಿಯ ಮೂಲ. ಆದರೆ ಇಂಗ್ಲಿಷಿನ ಲಿಖಿತ ಸಂಪ್ರದಾಯವನ್ನು ಬಲ್ಲವರು ಆ ವಾಕ್ಯವನ್ನು ಓದಿದಾಗ ‘ಗುಡ್’ ಎಂಬ ಕಡೆಯ ಪದದ ಬಳಿ ಕ್ಷಣಕಾಲ ನಿಲ್ಲುತ್ತಾರೆ. ಅಲ್ಲಿ ‘ವೆಲ್’ ಇರಬೇಕಾಗಿತ್ತೆಂದು ಅವರಿಗೆ ತೋರುತ್ತದೆ. ಹೀಗೆ ತೋರುವುದಕ್ಕೆ ಕಾರಣವೇನು, ಆ ಕಾರಣ ಎಲ್ಲಿಯವರೆಗೆ ಸಲ್ಲುತ್ತದೆ, ಕನ್ನಡವನ್ನಾಡುವ ನಮಗೆ ಈ ವಿಷಯದಲ್ಲಿ ನಮ್ಮ ನುಡಿ ಎಷ್ಟು ನೆರವಾಗುತ್ತದೆ, ಎಲ್ಲಿ ದಾರಿ ತಪ್ಪಿಸುತ್ತದೆ ಎಂಬುದನ್ನು ಈ ಹೊತ್ತು ನಿಮ್ಮ ಮುಂದೆ ಬಿಡಿಸಿ ಹೇಳಲು ಬಯಸುತ್ತೇನೆ.

ದೀರ್ಘವಾದ ವರದಿಯೊಂದರಲ್ಲಿ ಒಂದು ಪದ ತಪ್ಪಿದರೆ ಉಳಿದ ನೂರು ವಾಕ್ಯಗಳ ಪ್ರೌಢಿಮೆ ಅದನ್ನು ಮರೆಮಾಡುತ್ತದೆ. ಮೂರು ಸಾಲಿನ ಮೇಲಿಗೆ ಅಂತಹ ಆಸರೆಯಿಲ್ಲ. ಅಲ್ಲಿ ದನಿಯಿಲ್ಲ, ಮುಖಭಾವವಿಲ್ಲ, ಮಾತಿನ ನಡುವೆ ತಿದ್ದಿಕೊಳ್ಳುವ ಅವಕಾಶವೂ ಇಲ್ಲ. ಅಪರಿಚಿತನಾದ ಓದುಗನಿಗೆ ಬರೆದವನ ಭಾಷಾಜ್ಞಾನದ ವಿಚಾರವಾಗಿ ದೊರೆಯುವ ಸಾಕ್ಷ್ಯವೆಂದರೆ ಆ ಹದಿನೈದಿಪ್ಪತ್ತು ಪದಗಳು ಮಾತ್ರ, ಮತ್ತು ಅವುಗಳಲ್ಲಿ ಮೊದಲು ಕಣ್ಣಿಗೆ ಬೀಳುವುದು ಕುಶಲಪ್ರಶ್ನೆಯ ಈ ಪಂಕ್ತಿಯೇ.

ಶಾಲೆಯಲ್ಲಿ ರೆನ್ ಮತ್ತು ಮಾರ್ಟಿನ್ ಅವರ ವ್ಯಾಕರಣವನ್ನು ಓದಿದವರಿಗೆ ಮೂಲಸೂತ್ರ ನೆನಪಿದ್ದೀತು. ‘ಗುಡ್’ ಎಂಬುದು ಗುಣವಾಚಕ. ಅದು ವ್ಯಕ್ತಿಗೋ ವಸ್ತುವಿಗೋ ಅಂಟಿಕೊಳ್ಳುತ್ತದೆ. ‘ವೆಲ್’ ಎಂಬುದು ಕ್ರಿಯಾವಿಶೇಷಣ. ಅದು ಕೆಲಸ ನಡೆದ ಬಗೆಯನ್ನು ತಿಳಿಸುತ್ತದೆ. ಗುಡ್ ರಿಪೋರ್ಟ್ ಎಂದರೆ ಒಳ್ಳೆಯ ವರದಿ. ವೆಲ್ ರಿಟನ್ ರಿಪೋರ್ಟ್ ಎಂದರೆ ಚೆನ್ನಾಗಿ ಬರೆದ ವರದಿ. ಸಭೆ ಸುಸೂತ್ರವಾಗಿ ನಡೆಯಿತೆನ್ನುವಾಗ ‘ದ ಮೀಟಿಂಗ್ ವೆಂಟ್ ವೆಲ್’ ಎಂದು ಬರೆಯಬೇಕೇ ಹೊರತು ‘ವೆಂಟ್ ಗುಡ್’ ಎಂದಲ್ಲ. ಏಕೆಂದರೆ ಇಲ್ಲಿ ಒಳ್ಳೆಯತನವನ್ನು ಹೇಳುತ್ತಿರುವುದು ಸಭೆಯೆಂಬ ವಸ್ತುವಿನ ವಿಷಯವಾಗಿ ಅಲ್ಲ, ಅದು ಸಾಗಿದ ರೀತಿಯ ವಿಷಯವಾಗಿ. ಇಷ್ಟನ್ನು ಒಪ್ಪಿದ ಮೇಲೆ ‘ಡೂಯಿಂಗ್ ಗುಡ್’ ಎಂಬುದರ ತೊಡಕು ತಾನಾಗಿಯೇ ಹೊರಬೀಳುತ್ತದೆ. ‘ಡೂ’ ಎಂಬ ಕ್ರಿಯಾಪದದ ಬಳಿಕ ‘ಗುಡ್’ ಬಂದಾಗ ಅದು ನಾಮಪದವಾಗಿ ನಿಂತು ‘ಒಳಿತು’ ಎಂಬ ಅರ್ಥವನ್ನು ಕೊಡುತ್ತದೆ. ‘ಡೂಯಿಂಗ್ ಗುಡ್’ ಎಂದರೆ ಪರೋಪಕಾರ ಮಾಡುವುದು, ಸತ್ಕಾರ್ಯದಲ್ಲಿ ತೊಡಗಿರುವುದು. ಇದು ಇಂಗ್ಲಿಷಿನಲ್ಲಿ ಶತಮಾನಗಳಿಂದ ಬೇರೂರಿದ ಅರ್ಥ. ಧರ್ಮೋಪದೇಶದ ಗ್ರಂಥಗಳಲ್ಲಿ, ದಾನಧರ್ಮದ ಪ್ರಸಂಗಗಳಲ್ಲಿ ಆ ಪದಯುಗ್ಮ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಹೀಗಾಗಿ ‘ನೀವು ಸೌಖ್ಯದಿಂದಿದ್ದೀರೆಂದು ನಂಬಿದ್ದೇನೆ’ ಎಂದು ನಾವು ಬರೆಯಹೊರಟದ್ದು ಅಕ್ಷರಶಃ ಓದಿದವನಿಗೆ ‘ನೀವು ಪರೋಪಕಾರ ಮಾಡುತ್ತಿದ್ದೀರೆಂದು ನಂಬಿದ್ದೇನೆ’ ಎಂದಾಗಿ ನಿಲ್ಲುತ್ತದೆ. ಯಾರೂ ಹಾಗೆಂದು ನಿಜಕ್ಕೂ ಭ್ರಮಿಸುವುದಿಲ್ಲ. ಆದರೆ ಆ ಹಳೆಯ ಅರ್ಥ ತನ್ನ ಸ್ಥಾನವನ್ನು ಬಿಟ್ಟುಕೊಡದೆ ಇರುವುದರಿಂದ ಹೊಸ ಅರ್ಥಕ್ಕೆ ಶಿಷ್ಟ ಬರಹದಲ್ಲಿ ಇನ್ನೂ ಎಡೆ ದೊರಕಿಲ್ಲ.

ಇಲ್ಲಿ ಸ್ವಲ್ಪ ಚರಿತ್ರೆ ಅವಶ್ಯಕ. ಇಂಗ್ಲಿಷಿನಲ್ಲಿ ಗುಣವಾಚಕಕ್ಕೆ ‘ಲಿ’ ಎಂಬ ಪ್ರತ್ಯಯವನ್ನು ಹಚ್ಚಿದರೆ ಕ್ರಿಯಾವಿಶೇಷಣವಾಗುತ್ತದೆಂಬುದು ಸಾಮಾನ್ಯ ನಿಯಮ. ಆದರೆ ಪ್ರಾಚೀನ ಇಂಗ್ಲಿಷಿನಲ್ಲಿ ಅದೊಂದೇ ಮಾರ್ಗವಾಗಿರಲಿಲ್ಲ. ಗುಣವಾಚಕದ ಕಡೆಗೆ ‘ಎ’ಕಾರವನ್ನು ಸೇರಿಸುವ ಪದ್ಧತಿಯೂ ಇತ್ತು. ಕಾಲಕ್ರಮದಲ್ಲಿ ಆ ಅಂತ್ಯಸ್ವರ ಉಚ್ಚಾರಣೆಯಿಂದ ಸವೆದುಹೋಗಲು, ಗುಣವಾಚಕವೂ ಕ್ರಿಯಾವಿಶೇಷಣವೂ ಒಂದೇ ರೂಪದಲ್ಲಿ ಉಳಿದುವು. ಇಂದಿಗೂ ‘ಫಾಸ್ಟ್’, ‘ಹಾರ್ಡ್’ ಎಂಬ ಪದಗಳು ಎರಡು ಕೆಲಸವನ್ನೂ ಮಾಡುತ್ತಿರುವುದು ಈ ಕಾರಣದಿಂದ. ‘ವರ್ಕ್ ಹಾರ್ಡ್’ ಎಂದರೆ ಶ್ರಮಪಟ್ಟು ದುಡಿ ಎಂದರ್ಥ, ಅದನ್ನು ‘ವರ್ಕ್ ಹಾರ್ಡ್ಲಿ’ ಎಂದು ತಿದ್ದಹೊರಟವನು ದುಡಿಮೆಯೇ ಇಲ್ಲವೆಂಬ ವಿಪರೀತಾರ್ಥಕ್ಕೆ ಬೀಳುತ್ತಾನೆ. ‘ಗುಡ್’ ಮಾತ್ರ ಈ ಎರಡು ಮಾರ್ಗಗಳಲ್ಲಿ ಯಾವುದನ್ನೂ ಹಿಡಿಯಲಿಲ್ಲ. ಅದಕ್ಕೆ ಮೊದಲಿನಿಂದಲೂ ಬೇರೆ ಧಾತುವಿನಿಂದ ಬಂದ ‘ವೆಲ್’ ಎಂಬ ಜೊತೆಗಾರನಿತ್ತು; ಇವೆರಡಕ್ಕೂ ‘ಬೆಟರ್’, ‘ಬೆಸ್ಟ್’ ಎಂಬ ತರತಮರೂಪಗಳು ಸಮಾನವಾದುವು. ಆದರೂ ಜನರ ಬಾಯಲ್ಲಿ ‘ಗುಡ್’ ಕ್ರಿಯಾವಿಶೇಷಣವಾಗಿಯೂ ಬಹುಕಾಲದಿಂದ ನಡೆದುಬಂದಿದೆಯೆಂಬುದನ್ನು ಅಮೆರಿಕದ ದೊಡ್ಡ ನಿಘಂಟುಗಳು ಮುಚ್ಚಿಡದೆ ದಾಖಲಿಸುತ್ತವೆ. ಅದರೊಡನೆ ಅದು ಬರಹಕ್ಕಿಂತ ಆಡುಮಾತಿಗೆ ಸೇರಿದ್ದೆಂಬ ಸೂಚನೆಯನ್ನೂ ಕೊಡುತ್ತವೆ. ಗುಣವಾಚಕವನ್ನು ಕ್ರಿಯಾವಿಶೇಷಣದ ಸ್ಥಾನದಲ್ಲಿ ಕೂರಿಸುವುದನ್ನು ಲಿಖಿತ ನಿಯಮವಾಗಿ ನಿಷೇಧಿಸಿದವರಲ್ಲಿ ಪ್ರಮುಖರು 18ನೆಯ ಶತಮಾನದ ವೈಯಾಕರಣರು. 1762ರಲ್ಲಿ ರಾಬರ್ಟ್ ಲೌತ್ ಪ್ರಕಟಿಸಿದ ಪುಟ್ಟ ವ್ಯಾಕರಣವೂ, 1795ರಲ್ಲಿ ಹೊರಬಂದ ಲಿಂಡ್ಲಿ ಮರೇ ಅವರ ವ್ಯಾಕರಣವೂ ಈ ಶಿಸ್ತನ್ನು ಪಾಠಶಾಲೆಗಳಿಗೆ ಕೊಂಡೊಯ್ದುವು.

ನಿಯಮವನ್ನು ಹೇಳುವಾಗ ಅದರ ಬಿರುಕನ್ನೂ ಪ್ರಾಮಾಣಿಕವಾಗಿ ಹೇಳಬೇಕು. ‘ಐ ಆಮ್ ಡೂಯಿಂಗ್ ಗ್ರೇಟ್’ ಎಂದು ಬರೆದರೆ ಯಾರೂ ಆಕ್ಷೇಪಿಸುವುದಿಲ್ಲ. ‘ಡೂಯಿಂಗ್ ಫೈನ್’, ‘ಡೂಯಿಂಗ್ ಓಕೆ’ ಎಂದರೂ ಇಲ್ಲ. ಅವೂ ರೂಪದಲ್ಲಿ ಗುಣವಾಚಕಗಳೇ ಅಲ್ಲವೆ? ಹಾಗಾದರೆ ಗುಡ್ ಒಂದರ ಮೇಲೆ ಏಕೆ ಈ ಕಟ್ಟುನಿಟ್ಟು? ನನಗೆ ತೋರುವ ಸಮಾಧಾನ ಹೀಗಿದೆ. ‘ಡೂಯಿಂಗ್’ ಎಂಬುದು ಕುಶಲಪ್ರಶ್ನೆಯಲ್ಲಿ ಯಾವ ಕೆಲಸವನ್ನೂ ಹೇಳುವುದಿಲ್ಲ. ‘ಇದ್ದೇನೆ’ ಎಂಬುದಷ್ಟೇ ಅದರ ಭಾವ. ಆದ್ದರಿಂದ ಆಡುವವನ ಮನಸ್ಸು ಅದನ್ನು ‘ಆಮ್’ ಎಂಬುದರೊಡನೆ ಸಮೀಕರಿಸಿ, ‘ಐ ಆಮ್ ಗುಡ್’ ಎನ್ನುವಂತೆಯೇ ‘ಐ ಆಮ್ ಡೂಯಿಂಗ್ ಗುಡ್’ ಎಂದುಬಿಡುತ್ತದೆ; ತಪ್ಪಿನ ಒಳಗೂ ಒಂದು ತರ್ಕವುಂಟು. ಗ್ರೇಟ್, ಫೈನ್ ಎಂಬುವಕ್ಕೆ ಈ ಅರ್ಥದಲ್ಲಿ ಬೇರೆ ಕ್ರಿಯಾವಿಶೇಷಣವಿಲ್ಲ: ‘ಗ್ರೇಟ್ಲಿ’ ಎಂದರೆ ಅತಿಶಯವಾಗಿ ಎಂದಾಗುತ್ತದೆ, ‘ಫೈನ್ಲಿ’ ಎಂದರೆ ನುಣ್ಣಗೆ ಎಂದಾಗುತ್ತದೆ. ಗುಡ್ ಪದಕ್ಕಾದರೋ ಆ ಸ್ಥಾನಕ್ಕೆಂದೇ ಕಾಯ್ದಿರಿಸಿದ ‘ವೆಲ್’ ಸಿದ್ಧವಾಗಿ ನಿಂತಿದೆ. ‘ಡೂಯಿಂಗ್ ಗುಡ್’ ಎಂಬ ರೂಪವಾದರೋ ಪರೋಪಕಾರದ ಅರ್ಥಕ್ಕೆ ಆಗಲೇ ಮೀಸಲಾಗಿದೆ. ಹೀಗೆ ಎರಡು ಕಡೆಯಿಂದಲೂ ಒತ್ತಡ ಬಿದ್ದುದರಿಂದ ಈ ಒಂದು ಪದದ ಮೇಲಿನ ಆಕ್ಷೇಪಣೆ ಇಂದಿನವರೆಗೂ ಉಳಿದುಕೊಂಡಿದೆ. ಇದು ಶುದ್ಧ ತರ್ಕದ ನಿಯಮವಲ್ಲ, ಬಳಕೆಯ ನಿಯಮ. ಪತ್ರವ್ಯವಹಾರದಲ್ಲಿ ನಮಗೆ ಲೆಕ್ಕಕ್ಕೆ ಬರುವುದೂ ಬಳಕೆಯೇ.

ಇನ್ನು ನಮ್ಮ ನುಡಿಯ ಕಡೆಗೆ ಬರೋಣ. ಕ್ಷೇಮವನ್ನು ವಿಚಾರಿಸಿದವರಿಗೆ ಕನ್ನಡಿಗರು ‘ಚೆನ್ನಾಗಿದ್ದೇನೆ’ ಎನ್ನುತ್ತಾರೆ. ‘ಒಳ್ಳೆಯವನಾಗಿದ್ದೇನೆ’ ಎಂದರೆ ಅದು ಶೀಲದ ಮಾತಾಗುತ್ತದೆ, ಆರೋಗ್ಯದ ಮಾತಾಗುವುದಿಲ್ಲ. ಅಂದರೆ ‘ಡೂಯಿಂಗ್ ವೆಲ್’ ಎಂಬುದಕ್ಕೂ ‘ಡೂಯಿಂಗ್ ಗುಡ್’ ಎಂಬುದಕ್ಕೂ ಇರುವ ಅಂತರವನ್ನು ಕನ್ನಡದ ಕಿವಿ ಹುಟ್ಟಿನಿಂದಲೇ ಬಲ್ಲದು. ಕುಶಲೋಪರಿಯ ಪಂಕ್ತಿಯನ್ನು ಬರೆಯುವ ಮುನ್ನ ಕ್ಷಣಕಾಲ ಕನ್ನಡದಲ್ಲಿ ಯೋಚಿಸಿ, ‘ಆಗಿ’ ಎಂಬ ಅಂಶ ಕೇಳಿಸಿದಲ್ಲಿ ‘ವೆಲ್’ ಎಂದು ಬರೆದರೆ ಬಹುಪಾಲು ವಾಕ್ಯಗಳು ಸರಿಯಾಗಿಯೇ ಬಂದುಬಿಡುತ್ತವೆ. ಯಂತ್ರ ಚೆನ್ನಾಗಿ ನಡೆಯುತ್ತಿದೆ: ‘ವರ್ಕಿಂಗ್ ವೆಲ್’. ಈ ತ್ರೈಮಾಸಿಕದಲ್ಲಿ ನಮ್ಮ ತಂಡ ಚೆನ್ನಾಗಿ ದುಡಿಯಿತು: ‘ಡಿಡ್ ವೆಲ್’.

ಆದರೆ ಇದೇ ಕಿವಿ ಇನ್ನೊಂದೆಡೆಯಲ್ಲಿ ನಮ್ಮನ್ನು ಎಡವಿಸುತ್ತದೆ, ಮತ್ತು ನಿಯಮವನ್ನು ಕಷ್ಟಪಟ್ಟು ಕಲಿತವರನ್ನೇ ಹೆಚ್ಚಾಗಿ ಎಡವಿಸುತ್ತದೆ. ಕನ್ನಡದಲ್ಲಿ ‘ವರದಿ ಚೆನ್ನಾಗಿದೆ’, ‘ವರದಿ ಚೆನ್ನಾಗಿ ಕಾಣುತ್ತದೆ’, ‘ವರದಿಯನ್ನು ಚೆನ್ನಾಗಿ ಬರೆದಿದ್ದಾರೆ’ ಎಂಬ ಮೂರಕ್ಕೂ ಒಂದೇ ‘ಚೆನ್ನಾಗಿ’ ಸಾಕು. ಇಂಗ್ಲಿಷಿಗೆ ಸಾಲದು. ಅಲ್ಲಿ ‘ಈಸ್’, ‘ಲುಕ್’, ‘ಸೌಂಡ್’, ‘ಟೇಸ್ಟ್’, ‘ಸ್ಮೆಲ್’, ‘ಸೀಮ್’ ಮೊದಲಾದ ಕೆಲವು ಕ್ರಿಯಾಪದಗಳು ಕರ್ತೃವಿನ ಕ್ರಿಯೆಯನ್ನು ಹೇಳುವುದಿಲ್ಲ. ಕರ್ತೃವನ್ನೂ ಅದರ ಗುಣವನ್ನೂ ಒಂದಕ್ಕೊಂದು ಕೂಡಿಸುವ ಸೇತುವಾಗಿರುತ್ತವೆ. ಸೇತುವಿನ ಆಚೆ ನಿಲ್ಲಬೇಕಾದುದು ಗುಣವಾಚಕ. ಆದಕಾರಣ ‘ದ ರಿಪೋರ್ಟ್ ಲುಕ್ಸ್ ಗುಡ್’ ಎಂಬುದೇ ಸಾಧು. ‘ಲುಕ್ಸ್ ವೆಲ್’ ಎಂಬುದು ಅಸಾಧು. ಸಾಫ್ಟ್‌ವೇರ್ ಬರೆಯುವವರು ಸಹೋದ್ಯೋಗಿಯ ಕೆಲಸವನ್ನು ಪರಿಶೀಲಿಸಿ ಒಪ್ಪಿಗೆ ಕೊಡುವಾಗ ‘ಲುಕ್ಸ್ ಗುಡ್ ಟು ಮಿ’ ಎಂಬುದನ್ನು ನಾಲ್ಕಕ್ಷರಕ್ಕೆ ಸಂಕ್ಷೇಪಿಸಿ LGTM ಎಂದು ಬರೆಯುವುದುಂಟು. ಅಲ್ಲಿನ ‘ಗುಡ್’ ನಿರ್ದೋಷವಾದುದು. ಸಂದೇಹ ಬಂದಲ್ಲಿ ಮಾಡಬೇಕಾದ ಪರೀಕ್ಷೆ ಸುಲಭ: ಕ್ರಿಯಾಪದವನ್ನು ತೆಗೆದು ಅದರ ಜಾಗದಲ್ಲಿ ‘ಈಸ್’ ಇರಿಸಬೇಕು. ‘ದ ರಿಪೋರ್ಟ್ ಈಸ್ ಗುಡ್’ ಎಂದಾಗ ಮಾತಿನ ತಿರುಳು ಕೆಡಲಿಲ್ಲವಾದ್ದರಿಂದ ಅಲ್ಲಿ ಗುಡ್ ಸಲ್ಲುತ್ತದೆ. ‘ಸರ್ವರ್ ರನ್ಸ್’ ಎಂಬಲ್ಲಿ ಹಾಗೆ ಮಾಡಿದರೆ ಸರ್ವರ್ ಓಡುತ್ತಿದೆಯೆಂಬ ಸಂಗತಿಯೇ ಕಳೆದುಹೋಗುತ್ತದೆ. ಆದ್ದರಿಂದ ಅಲ್ಲಿ ವೆಲ್. ಕುಶಲಪ್ರಶ್ನೆಯ ‘ಡೂಯಿಂಗ್’ ಒಂದು ಮಾತ್ರ, ಈಗಾಗಲೇ ಹೇಳಿದ ಕಾರಣದಿಂದ, ಈ ಪರೀಕ್ಷೆಯನ್ನು ವಂಚಿಸಿ ನುಸುಳುತ್ತದೆ. ಅದನ್ನು ಬಾಯಿಪಾಠವಾಗಿಯೇ ಇಟ್ಟುಕೊಳ್ಳುವುದು ಲೇಸು.

‘ವೆಲ್’ ಎಂಬುದಕ್ಕೆ ಇನ್ನೊಂದು ಮುಖವುಂಟು, ಅದನ್ನರಿಯದೆ ಹೋದರೆ ಮೇಲಿನ ಮಾತುಗಳೆಲ್ಲ ಗೊಂದಲವಾಗಿ ತೋರಬಹುದು. ದೇಹಾರೋಗ್ಯದ ಸಂದರ್ಭದಲ್ಲಿ ‘ವೆಲ್’ ತಾನೇ ಗುಣವಾಚಕವಾಗಿ, ‘ಸ್ವಸ್ಥ’ ಎಂಬ ಅರ್ಥವನ್ನು ತಾಳುತ್ತದೆ. ‘ಐ ಆಮ್ ವೆಲ್’ ಎಂಬುದು ವ್ಯಾಕರಣಬದ್ಧವಾಗಿರುವುದು ಇದರಿಂದ. ನಮ್ಮ ಪತ್ರಗಳಲ್ಲಿ ಬಹಳ ಪ್ರಚಾರಕ್ಕೆ ಬಂದಿರುವ ‘ಹೋಪ್ ದಿಸ್ ಮೇಲ್ ಫೈಂಡ್ಸ್ ಯು ವೆಲ್’ ಎಂಬ ವಾಕ್ಯದಲ್ಲಿರುವುದೂ ಈ ಗುಣವಾಚಕವೇ. ಪತ್ರವು ತಮ್ಮನ್ನು ಚೆನ್ನಾಗಿ ಹುಡುಕುತ್ತದೆಂದು ಅದರ ಅರ್ಥವಲ್ಲ, ಪತ್ರ ತಲಪಿದಾಗ ತಾವು ಸ್ವಸ್ಥರಾಗಿರುವಿರೆಂದು ಅದರ ಅರ್ಥ. ಅನಾರೋಗ್ಯದ ರಜೆಯನ್ನು ಕೋರುವ ಮೇಲಿನಲ್ಲಿ ‘ಐ ಆಮ್ ನಾಟ್ ಫೀಲಿಂಗ್ ವೆಲ್’ ಎಂದು ನಮ್ಮವರು ಬರೆಯುವುದು ಸರಿಯಾದ ಪ್ರಯೋಗ. ಅದನ್ನೇ ‘ನಾಟ್ ಫೀಲಿಂಗ್ ಗುಡ್’ ಎಂದು ಬರೆದರೆ ಅದು ಜ್ವರವೋ ಬೇಸರವೋ ಎಂಬುದು ಅಸ್ಪಷ್ಟವಾಗುತ್ತದೆ. ‘ಫೀಲ್ ಗುಡ್’ ಎಂಬುದು ಚಿತ್ತದ ಉಲ್ಲಾಸವನ್ನೂ ಒಳಗೊಂಡ ಮಾತು. ಒಪ್ಪಿಕೊಂಡ ಕೆಲಸದ ಫಲಿತಾಂಶದ ಬಗ್ಗೆ ‘ಐ ಫೀಲ್ ಗುಡ್ ಅಬೌಟ್ ದಿಸ್’ ಎನ್ನಬಹುದು, ‘ಫೀಲ್ ವೆಲ್ ಅಬೌಟ್’ ಎನ್ನಲಾಗದು. ಜ್ವರದಿಂದೆದ್ದು ಸೋಮವಾರ ಕೆಲಸಕ್ಕೆ ಮರಳುವವನು ‘ಐ ಆಮ್ ವೆಲ್ ನೌ’ ಎಂದು ಬರೆದರೆ ಮಾತು ಮುಗಿಯಿತು.

ಇನ್ನು ರಿಯಲ್, ರಿಯಲಿ ಎಂಬ ಜೋಡಿಯ ಸಂಗತಿ. ಇಲ್ಲಿ ಕನ್ನಡದ ಕಿವಿ ಎಲ್ಲಿಯೂ ಮೋಸಮಾಡದೆಂದು ಧೈರ್ಯವಾಗಿ ಹೇಳಬಹುದು. ‘ನಿಜವಾದ’ ಎಂಬುದು ರಿಯಲ್. ‘ನಿಜವಾಗಿ’ ಎಂಬುದು ರಿಯಲಿ. ‘ಎ ರಿಯಲ್ ಪ್ಲೆಷರ್’ ಎಂದರೆ ನಿಜವಾದ ಸಂತೋಷ. ‘ರಿಯಲಿ ಪ್ಲೀಸ್ಡ್’ ಎಂದರೆ ನಿಜವಾಗಿ ಸಂತುಷ್ಟ. ಹೀಗಿರುವಾಗ ‘ರಿಯಲ್ ಗುಡ್’, ‘ರಿಯಲ್ ಸೂನ್’, ‘ರಿಯಲ್ ಸಾರಿ’ ಎಂಬ ಪ್ರಯೋಗಗಳು ನಮ್ಮ ಮೇಲುಗಳಿಗೆ ಎಲ್ಲಿಂದ ಬಂದುವು? ಅಮೆರಿಕದ ಆಡುಮಾತಿನಿಂದ ಬಂದುವು. ಸ್ಕಾಟ್ಲೆಂಡಿನ ಮಾತಿನಲ್ಲಿಯೂ ಅವು ಉಂಟು. ದೂರವಾಣಿಯಲ್ಲಿ ಅಮೆರಿಕದ ಸಹೋದ್ಯೋಗಿ ಆಡಿದ್ದನ್ನು ಕೇಳಿ ಕೇಳಿ ನಮ್ಮ ತರುಣರು ಅದನ್ನು ಬರಹಕ್ಕೂ ಇಳಿಸಿಕೊಂಡಿದ್ದಾರೆ. ಆ ಆಡುಮಾತನ್ನು ಹಳಿಯುವುದು ನನ್ನ ಉದ್ದೇಶವಲ್ಲ. ‘ವೆರಿ’ ಎಂಬ ಇಂದಿನ ಅತಿಶಿಷ್ಟ ಪದವೂ ಹಿಂದೊಮ್ಮೆ ಇದೇ ದಾರಿಯಲ್ಲಿ ನಡೆದುಬಂದದ್ದು: ಪ್ರಾಚೀನ ಫ್ರೆಂಚಿನಿಂದ ಬಂದ ಆ ಪದಕ್ಕೆ ಮೊದಲಿದ್ದ ಅರ್ಥ ‘ನಿಜವಾದ’ ಎಂದು, ಅದು ಗುಣವಾಚಕವಾಗಿಯೇ ಇಂಗ್ಲಿಷಿಗೆ ಕಾಲಿಟ್ಟು, ಬರಬರುತ್ತ ಇನ್ನೊಂದು ಗುಣವಾಚಕದ ಮುಂದೆ ನಿಂತು ಅದನ್ನು ಬಲಪಡಿಸುವ ಕೆಲಸವನ್ನು ವಹಿಸಿಕೊಂಡು, ತನ್ನ ಮೂಲಾರ್ಥವನ್ನು ಬಹುಮಟ್ಟಿಗೆ ಬಿಟ್ಟುಕೊಟ್ಟಿತು. ‘ರಿಯಲ್’ ಅದೇ ಪಯಣದ ನಡುದಾರಿಯಲ್ಲಿದೆ. ಬರಹದ ಶಿಷ್ಟಸಭೆಗೆ ಅದು ಇನ್ನೂ ಬಂದು ಸೇರಿಲ್ಲ. ಅದರ ಪಯಣ ಅಪೂರ್ಣವೆಂಬುದಕ್ಕೆ ಒಂದು ಗುರುತೂ ಉಂಟು: ‘ರಿಯಲ್ ಗುಡ್’ ಎನ್ನುವ ಅಮೆರಿಕನ್ನನು ಕೂಡ ‘ಐ ರಿಯಲ್ ಅಪ್ರೀಶಿಯೇಟ್ ಇಟ್’ ಎಂದು ಎಂದೂ ಹೇಳುವುದಿಲ್ಲ. ಗುಣವಾಚಕದ ಮುಂದೆಯೂ ಕ್ರಿಯಾವಿಶೇಷಣದ ಮುಂದೆಯೂ ಅವನು ರಿಯಲ್ ಪದವನ್ನು ತರಬಲ್ಲ. ಕ್ರಿಯಾಪದದ ಮುಂದೆ ಬಂದಾಗ ಅವನ ಬಾಯಿಂದಲೂ ತಾನಾಗಿಯೇ ‘ರಿಯಲಿ’ ಹೊರಡುತ್ತದೆ. ಈ ಸೂಕ್ಷ್ಮವನ್ನು ಕೇಳಿ ತಿಳಿಯದೆ ಬರಿದೆ ಅನುಕರಿಸಹೊರಟವನು ಆ ಗೆರೆಯನ್ನು ದಾಟಿ, ಆಡುಮಾತಿನಲ್ಲಿಯೂ ಸಲ್ಲದ ವಾಕ್ಯವನ್ನು ಬರೆಯುತ್ತಾನೆ.

ರಿಯಲಿ ಪದದಲ್ಲಿ ರೂಪಕ್ಕಿಂತಲೂ ಹೆಚ್ಚು ಎಚ್ಚರಬೇಕಾದುದು ಅದರ ಸ್ಥಾನದ ವಿಷಯದಲ್ಲಿ. ‘ಐ ರಿಯಲಿ ಡೋಂಟ್ ಅಗ್ರೀ’ ಎಂದರೆ ನನ್ನ ಭಿನ್ನಾಭಿಪ್ರಾಯ ದೃಢವಾದುದೆಂದು ತಾತ್ಪರ್ಯ. ‘ಐ ಡೋಂಟ್ ರಿಯಲಿ ಅಗ್ರೀ’ ಎಂದರೆ ಪೂರ್ಣ ಒಪ್ಪಿಗೆಯಿಲ್ಲ, ಆದರೆ ವಿರೋಧ ಮೃದುವಾದುದು ಎಂದು ತಾತ್ಪರ್ಯ. ಪದಗಳು ಅವೇ, ನಿಷೇಧದ ಮುಂದೆ ನಿಂತಾಗ ರಿಯಲಿ ಅದನ್ನು ಗಟ್ಟಿಗೊಳಿಸುತ್ತದೆ, ನಿಷೇಧದ ಹಿಂದೆ ಸರಿದಾಗ ಅದನ್ನು ಸಡಿಲಿಸುತ್ತದೆ. ಮೇಲಧಿಕಾರಿಗೆ ಬರೆಯುವ ಒಂದು ಸಾಲಿನ ಉತ್ತರದಲ್ಲಿ ಇದು ಸಣ್ಣ ವ್ಯತ್ಯಾಸವಲ್ಲ. ಅದರಂತೆಯೇ ‘ದಿಸ್ ಈಸ್ ನಾಟ್ ದ ರಿಯಲ್ ಇಶ್ಯೂ’ ಎಂದರೆ ಮೂಲ ಸಮಸ್ಯೆ ಬೇರೆ ಎಲ್ಲಿಯೋ ಇದೆ, ಹುಡುಕಬೇಕು ಎಂದು ಹೇಳಿದಂತಾಯಿತು. ‘ದಿಸ್ ಈಸ್ ನಾಟ್ ರಿಯಲಿ ಆನ್ ಇಶ್ಯೂ’ ಎಂದರೆ ಸಮಸ್ಯೆಯೇ ಇಲ್ಲ, ಕೈಬಿಡಬಹುದು ಎಂದು ಹೇಳಿದಂತಾಯಿತು. ಮೊದಲನೆಯದನ್ನು ಓದಿದ ತಂಡ ಶೋಧನೆಯನ್ನು ಮುಂದುವರಿಸುತ್ತದೆ. ಎರಡನೆಯದನ್ನು ಓದಿದ ತಂಡ ಕಡತವನ್ನು ಮುಚ್ಚುತ್ತದೆ. ಇಲ್ಲಿ ಪ್ರಶ್ನೆ ಶಿಷ್ಟಾಶಿಷ್ಟದ್ದಲ್ಲ, ಅರ್ಥದ್ದೇ.

ಈಗ ಒಂದು ಮೇಲನ್ನು ಪದಪದವಾಗಿ ತಿದ್ದಿ ನೋಡೋಣ. ಬೆಂಗಳೂರಿನ ಕಚೇರಿಯೊಂದರ ತರುಣಿಯೊಬ್ಬಳು ಹೊರದೇಶದಲ್ಲಿರುವ ತನ್ನ ತಂಡದ ಮುಖ್ಯಸ್ಥರಿಗೆ ಹೀಗೆ ಬರೆದಳೆಂದು ಭಾವಿಸಿರಿ:

‘ಹೋಪ್ ಯು ಆರ್ ಡೂಯಿಂಗ್ ಗುಡ್. ದ ನ್ಯೂ ವರ್ಶನ್ ಈಸ್ ವರ್ಕಿಂಗ್ ರಿಯಲ್ ಗುಡ್ ಅಂಡ್ ದ ಡೆಮೊ ವೆಂಟ್ ಗುಡ್. ದ ಸಮರಿ ಪೇಜ್ ಆಲ್ಸೋ ಲುಕ್ಸ್ ವೆಲ್. ಕ್ಯಾನ್ ವಿ ಟಾಕ್ ರಿಯಲ್ ಕ್ವಿಕ್ ಟುಮಾರೋ?’

ಮೊದಲ ವಾಕ್ಯದ ಗುಡ್ ಪದವು ವೆಲ್ ಆಗಬೇಕೆಂಬುದನ್ನು ಮತ್ತೆ ಹೇಳಬೇಕಾದುದಿಲ್ಲ. ಎರಡನೆಯ ವಾಕ್ಯದಲ್ಲಿ ಗಂಟು ಎರಡು ಸುತ್ತಿನದು. ‘ವರ್ಕಿಂಗ್’ ಎಂಬ ಕ್ರಿಯೆಗೆ ಸೇರಬೇಕಾದುದು ವೆಲ್. ಆ ವೆಲ್ ಪದವನ್ನು ಬಲಪಡಿಸಲು ಅದರ ಮುಂದೆ ಬರಬೇಕಾದುದು ರಿಯಲಿ. ಆದ್ದರಿಂದ ‘ವರ್ಕಿಂಗ್ ರಿಯಲಿ ವೆಲ್’. ಒಂದನ್ನು ಮಾತ್ರ ತಿದ್ದಿ ‘ರಿಯಲ್ ವೆಲ್’ ಎಂದೋ ‘ರಿಯಲಿ ಗುಡ್’ ಎಂದೋ ಬಿಟ್ಟರೆ ಅರ್ಧ ಸರಿಯಾದ ವಾಕ್ಯವಾಗುತ್ತದೆ, ಮತ್ತು ಅಂಥದ್ದು ನಮ್ಮಲ್ಲಿ ಬಹಳ. ಆದರೆ ನನ್ನ ಮಟ್ಟಿಗೆ, ಹೊಸ ಆವೃತ್ತಿ ಕೆಲಸಮಾಡುತ್ತಿದೆಯೆಂಬ ಸುದ್ದಿಗೆ ರಿಯಲಿ ಪದದ ಅಗತ್ಯವೇ ಇಲ್ಲ. ‘ವರ್ಕಿಂಗ್ ವೆಲ್’ ಎಂದರೆ ಸಾಕು, ಅದಕ್ಕಿಂತಲೂ ಎಷ್ಟು ಹೊತ್ತಿನಿಂದ ದೋಷವಿಲ್ಲದೆ ನಡೆಯುತ್ತಿದೆಯೆಂಬುದನ್ನು ತಿಳಿಸಿದರೆ ಓದುವವರಿಗೆ ಅದೇ ಉಪಯುಕ್ತ. ಡೆಮೊ ‘ವೆಂಟ್ ವೆಲ್’. ಮೂರನೆಯ ವಾಕ್ಯದಲ್ಲಿ, ನಿಯಮವನ್ನು ಅರ್ಧ ಕಲಿತ ಕಾರಣದಿಂದಲೋ ‘ಚೆನ್ನಾಗಿ ಕಾಣುತ್ತದೆ’ ಎಂಬ ಕನ್ನಡದ ಜಾಡಿನಿಂದಲೋ, ಗುಡ್ ಇರಬೇಕಾದ ಒಂದೇ ಒಂದು ಎಡೆಯಲ್ಲಿ ವೆಲ್ ಬಂದು ಕುಳಿತಿದೆ; ‘ಲುಕ್ಸ್ ಗುಡ್’ ಎಂದಾಗಬೇಕು. ಕಡೆಯ ವಾಕ್ಯದ ‘ರಿಯಲ್ ಕ್ವಿಕ್’ ಎಂಬುದರಲ್ಲಿ ಎರಡೂ ಪದಗಳು ಆಡುಮಾತಿನ ಉಡುಪಿನಲ್ಲಿವೆ. ಅದನ್ನು ‘ರಿಯಲಿ ಕ್ವಿಕ್ಲಿ’ ಎಂದು ಶಾಸ್ತ್ರೋಕ್ತವಾಗಿ ತಿದ್ದಿದರೆ ವ್ಯಾಕರಣ ನೆಟ್ಟಗಾಗಿ ಅರ್ಥ ಸೊಟ್ಟಗಾಗುತ್ತದೆ: ಅತಿವೇಗವಾಗಿ ಮಾತನಾಡೋಣವೆ ಎಂದು ಕೇಳಿದಂತಾಗುತ್ತದೆ! ಅವಳ ಇಷ್ಟವಿದ್ದುದು ಅಲ್ಪಕಾಲದ ಮಾತುಕತೆ. ಆದ್ದರಿಂದ ವಾಕ್ಯವನ್ನೇ ಬೇರೆ ಕಟ್ಟಿ, ‘ಕ್ಯಾನ್ ವಿ ಹ್ಯಾವ್ ಎ ಶಾರ್ಟ್ ಕಾಲ್ ಟುಮಾರೋ’ ಎಂದೋ, ಇನ್ನೂ ಚೆನ್ನಾಗಿ, ಹತ್ತು ನಿಮಿಷ ಬೇಕೆಂದು ಎಣಿಕೆಯನ್ನೇ ತಿಳಿಸಿಯೋ ಕೇಳುವುದು ಯುಕ್ತ. ಪದಕ್ಕೆ ಪದವನ್ನು ಬದಲಿಸುವುದರಿಂದ ಸರಿಹೋಗದ ವಾಕ್ಯಗಳೂ ಉಂಟೆಂಬುದಕ್ಕೆ ಇದು ನಿದರ್ಶನ.

ಅಂತೂ ತಿದ್ದಿದ ಮೇಲು ಹೀಗಾಯಿತು: ‘ಹೋಪ್ ಯು ಆರ್ ಡೂಯಿಂಗ್ ವೆಲ್. ದ ನ್ಯೂ ವರ್ಶನ್ ಈಸ್ ವರ್ಕಿಂಗ್ ವೆಲ್ ಅಂಡ್ ದ ಡೆಮೊ ವೆಂಟ್ ವೆಲ್. ದ ಸಮರಿ ಪೇಜ್ ಆಲ್ಸೋ ಲುಕ್ಸ್ ಗುಡ್. ಕ್ಯಾನ್ ವಿ ಹ್ಯಾವ್ ಎ ಟೆನ್ ಮಿನಿಟ್ ಕಾಲ್ ಟುಮಾರೋ?’ ವೆಲ್ ಮೂರು ಸಲ ಬಂದು ಕಿವಿಗೆ ಏಕತಾನವೆನಿಸಿದರೆ ಡೆಮೊ ‘ವೆಂಟ್ ಸ್ಮೂತ್ಲಿ’ ಎನ್ನಬಹುದು. ಹೊಸ ಆವೃತ್ತಿಯ ವಿಷಯದಲ್ಲಿ ‘ನೋ ಎರರ್ಸ್ ಸೋ ಫಾರ್’ ಎಂದೂ ಬರೆಯಬಹುದು.

ಇಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ಆ ಮುಖ್ಯಸ್ಥರೇ ಅಮೆರಿಕದವರಾಗಿದ್ದು, ‘ಯು ಡಿಡ್ ಗುಡ್’ ಎಂದು ಪ್ರಶಂಸಿಸಿ ಉತ್ತರ ಬರೆದರೆ? ಅದು ಅವರ ದೇಶದ ಆತ್ಮೀಯವಾದ ಮಾತಿನ ಧಾಟಿ. ಬೆನ್ನು ತಟ್ಟುವ ಆ ಧಾಟಿಯನ್ನು ತಿದ್ದಬೇಕಾದುದೂ ಇಲ್ಲ, ನಮ್ಮ ಮರುತ್ತರದಲ್ಲಿ ಅದನ್ನೇ ಪ್ರತಿಧ್ವನಿಸಬೇಕಾದುದೂ ಇಲ್ಲ. ‘ಥ್ಯಾಂಕ್ ಯು’ ಎಂದರೆ ಆಯಿತು. ಅದೇ ಮುಖ್ಯಸ್ಥರು ‘ಹೌ ಆರ್ ಯು ಡೂಯಿಂಗ್’ ಎಂದು ಕೇಳಿದಾಗ ‘ಐ ಆಮ್ ಗುಡ್’ ಎಂದು ಮಾತಿನಲ್ಲಿ ಹೇಳುವುದು ಅಲ್ಲಿ ಸರ್ವಸಾಧಾರಣ. ಆದರೆ ಆ ಮೂರು ಪದಗಳಿಗೆ ‘ನನಗೆ ಬೇಡ, ಸಾಕು’ ಎಂಬ ಇನ್ನೊಂದು ಅರ್ಥವೂ ಇರುವುದರಿಂದ, ಯಾರಾದರೂ ಸಹಾಯ ಬೇಕೆ ಎಂದು ಕೇಳಿದ ಮೇಲಿಗೆ ‘ಐ ಆಮ್ ಗುಡ್’ ಎಂದು ಉತ್ತರಿಸಿದರೆ ಆ ಸಹಾಯವನ್ನು ನಿರಾಕರಿಸಿದಂತಾಗುತ್ತದೆ. ಕ್ಷೇಮವನ್ನೂ ಸಹಾಯವನ್ನೂ ಒಂದೇ ಮೇಲಿನಲ್ಲಿ ಕೇಳಿದವರಿಗೆ ‘ಐ ಆಮ್ ಡೂಯಿಂಗ್ ವೆಲ್, ಥ್ಯಾಂಕ್ ಯು’ ಎಂದು ಮೊದಲನೆಯದಕ್ಕೆ ಉತ್ತರ ಕೊಟ್ಟು, ಸಹಾಯ ಬೇಕೋ ಬೇಡವೋ ಎಂಬುದನ್ನು ಮರುಪಂಕ್ತಿಯಲ್ಲಿ ಪ್ರತ್ಯೇಕವಾಗಿ ಬರೆಯತಕ್ಕದ್ದು.